ಸುಟ್ಟಗಾಯದ ಚಿಕಿತ್ಸೆಯಲ್ಲಿ ನೀರು ಮತ್ತು ಆಹಾರದ ಲೆಕ್ಕ

ಮೈಯ ಬಹುಭಾಗ ಸುಟ್ಟ ವ್ಯಕ್ತಿಯನ್ನು ಆಸ್ಪತ್ರೆಗೆ ಕರೆತಂದಾಗ ಬಂಧುಗಳ ಕಣ್ಣಿಗೆ ಕಾಣುವುದು ಗಾಯ ಮಾತ್ರ. ಆದರೆ ಆ ಹೊತ್ತಿನಲ್ಲಿ ಜೀವವನ್ನು ಕಾಡುವುದು ಕಣ್ಣಿಗೆ ಕಾಣದ ಇನ್ನೊಂದು ನಷ್ಟ. ಸುಟ್ಟ ಕೆಲವೇ ಗಂಟೆಗಳಲ್ಲಿ ಸಣ್ಣ ರಕ್ತನಾಳಗಳ ಗೋಡೆಗಳು ಸೋರತೊಡಗುತ್ತವೆ. ರಕ್ತದಲ್ಲಿರಬೇಕಾದ ನೀರು, ಲವಣ ಮತ್ತು ಪ್ರೋಟೀನ್ ಅಂಗಾಂಶಗಳಿಗೆ ಇಳಿದು ಮೈ ಊದಿಕೊಳ್ಳುತ್ತದೆ. ಇತ್ತ ರಕ್ತದ ಪ್ರಮಾಣ ಕುಗ್ಗಿ ಮೂತ್ರಪಿಂಡಗಳು ಸೊರಗುತ್ತವೆ. ಮುಂದಿನ ದಿನಗಳಲ್ಲಿ ದೇಹವು ತನ್ನ ಮಾಂಸಖಂಡವನ್ನೇ ಕರಗಿಸಿ ಗಾಯವನ್ನು ಮಾಯಿಸಲು ತೊಡಗುತ್ತದೆ. ಆದ್ದರಿಂದ ರೋಗಿಗೆ ಎಷ್ಟು ದ್ರವ, ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್ ಬೇಕೆಂಬುದನ್ನು ವೈದ್ಯರು ಲೆಕ್ಕ ಹಾಕುತ್ತಾರೆ. ಈ ಲೆಕ್ಕವನ್ನು ಒಮ್ಮೆ ಹಾಕಿ ಮುಗಿಸುವಂತಿಲ್ಲ. ಸೂತ್ರವು ಹೇಳುವುದು ಎಲ್ಲಿಂದ ಆರಂಭಿಸಬೇಕೆಂಬುದನ್ನು ಮಾತ್ರ. ಅನಂತರದ ಉತ್ತರವನ್ನು ರೋಗಿಯ ದೇಹವೇ ಕೊಡುತ್ತದೆ, ಆ ಉತ್ತರವನ್ನು ದಿನದಿನವೂ ಬರೆದಿಡಬೇಕಾಗುತ್ತದೆ.

ಒಂದು ಉದಾಹರಣೆಯ ಮೂಲಕ ಇದನ್ನು ನೋಡೋಣ. 35 ವರ್ಷದ, 155 ಸೆಂಟಿಮೀಟರ್ ಎತ್ತರದ, 50 ಕಿಲೋ ತೂಕದ ಗೃಹಿಣಿಯೊಬ್ಬಳ ಸೀರೆಗೆ ಬೆಳಿಗ್ಗೆ 7 ಗಂಟೆಗೆ ಒಲೆಯ ಬೆಂಕಿ ತಗಲಿತೆಂದೂ, 9 ಗಂಟೆಗೆ ಆಕೆ ಆಸ್ಪತ್ರೆ ತಲುಪಿದಳೆಂದೂ ಭಾವಿಸೋಣ. ಮೊದಲು ತಿಳಿಯಬೇಕಾದುದು ಮೈಯ ಎಷ್ಟು ಭಾಗ ಸುಟ್ಟಿದೆ ಎಂಬುದು. ಇದಕ್ಕೆ ವಯಸ್ಕರಲ್ಲಿ ಒಂಬತ್ತರ ನಿಯಮವನ್ನು ಬಳಸುತ್ತಾರೆ. ತಲೆ ಮತ್ತು ಕುತ್ತಿಗೆ ಸೇರಿ ನೂರಕ್ಕೆ 9, ಒಂದೊಂದು ತೋಳು 9, ಮುಂಡದ ಮುಂಭಾಗ 18, ಹಿಂಭಾಗ 18, ಒಂದೊಂದು ಕಾಲು 18, ಗುಪ್ತಾಂಗ 1. ಬಿಡಿಬಿಡಿಯಾದ ಗಾಯಗಳಿಗೆ ರೋಗಿಯ ಅಂಗೈಯೇ ಅಳತೆಗೋಲು. ಬೆರಳುಗಳೂ ಸೇರಿದ ಒಂದು ಅಂಗೈ ಸುಮಾರು ನೂರಕ್ಕೆ 1. ನಮ್ಮ ಗೃಹಿಣಿಗೆ ಎದೆ ಮತ್ತು ಹೊಟ್ಟೆ 18, ಎರಡು ತೋಳುಗಳು 18, ತೊಡೆಯ ಮೇಲೆ ನಾಲ್ಕು ಅಂಗೈಯಷ್ಟು ಗಾಯ, ಒಟ್ಟು 40. ಬೊಬ್ಬೆಯೇಳದೆ ಕೇವಲ ಕೆಂಪಾದ ಚರ್ಮವನ್ನು ಇದರಲ್ಲಿ ಸೇರಿಸಬಾರದು. ಅದನ್ನೂ ಎಣಿಸಿದರೆ ಮುಂದಿನ ಲೆಕ್ಕವೆಲ್ಲವೂ ಉಬ್ಬುತ್ತದೆ. ಮಕ್ಕಳಲ್ಲಿ ತಲೆ ದೊಡ್ಡದು, ಕಾಲು ಚಿಕ್ಕದಾದ ಕಾರಣ ಅವರಿಗೆ ಬೇರೆ ಕೋಷ್ಟಕವಿದೆ.

ದ್ರವದ ಲೆಕ್ಕಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ಪಾರ್ಕ್‌ಲ್ಯಾಂಡ್ ಸೂತ್ರ. ಅಮೆರಿಕದ ಡಲ್ಲಾಸ್ ನಗರದ ಪಾರ್ಕ್‌ಲ್ಯಾಂಡ್ ಆಸ್ಪತ್ರೆಯಲ್ಲಿ ಚಾರ್ಲ್ಸ್ ಬ್ಯಾಕ್ಸ್‌ಟರ್ ಮತ್ತು ಅವರ ಸಹೋದ್ಯೋಗಿಗಳು 1960ರ ದಶಕದಲ್ಲಿ ಇದನ್ನು ರೂಪಿಸಿದರು. ತೂಕದ ಪ್ರತಿ ಕಿಲೋಗೆ, ಸುಟ್ಟ ಭಾಗದ ಪ್ರತಿ ಶೇಕಡಾ ಒಂದಕ್ಕೆ 4 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ್ರಾವಣ. 4ನ್ನು 50ರಿಂದ, ಮತ್ತೆ 40ರಿಂದ ಗುಣಿಸಿದರೆ 8000 ಮಿಲಿಲೀಟರ್, ಅಂದರೆ 24 ಗಂಟೆಗಳಿಗೆ 8 ಲೀಟರ್. ಇದರ ಅರ್ಧವನ್ನು ಮೊದಲ 8 ಗಂಟೆಗಳಲ್ಲಿ, ಉಳಿದರ್ಧವನ್ನು ಮುಂದಿನ 16 ಗಂಟೆಗಳಲ್ಲಿ ರಕ್ತನಾಳದ ಮೂಲಕ ಕೊಡಬೇಕು. ಗಡಿಯಾರವು ಆಸ್ಪತ್ರೆಗೆ ಬಂದ ಸಮಯದಿಂದಲ್ಲ, ಸುಟ್ಟ ಸಮಯದಿಂದ ಆರಂಭವಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಗೃಹಿಣಿಯ ಪಾಲಿನ 8 ಗಂಟೆಗಳು ಮಧ್ಯಾಹ್ನ 3ಕ್ಕೆ ಮುಗಿಯುತ್ತವೆ. ಎರಡು ಗಂಟೆ ದಾರಿಯಲ್ಲಿಯೇ ಕಳೆದಿದೆ. ಆದ್ದರಿಂದ 4000 ಮಿಲಿಲೀಟರ್ ಅನ್ನು ಉಳಿದ 6 ಗಂಟೆಗಳಲ್ಲಿ, ಗಂಟೆಗೆ ಸುಮಾರು 670ರಂತೆ ಕೊಡಬೇಕಾಗುತ್ತದೆ. 3 ಗಂಟೆಯ ಅನಂತರ ಗಂಟೆಗೆ 250. ಮನೆಯವರು ಬೆಂಕಿ ತಗಲಿದ ಸಮಯವನ್ನು ನೆನಪಿಟ್ಟು ವೈದ್ಯರಿಗೆ ಹೇಳಬೇಕೆನ್ನುವುದು ಇದಕ್ಕಾಗಿಯೇ.

ಆದರೆ ಈ 8 ಲೀಟರ್ ಕಣ್ಣುಮುಚ್ಚಿ ಪಾಲಿಸುವ ಆಜ್ಞೆಯಲ್ಲ. ಈಗ ಅನೇಕ ಕೇಂದ್ರಗಳಲ್ಲಿ 4ರ ಬದಲು 2 ಮಿಲಿಲೀಟರ್‌ನಿಂದಲೇ ಆರಂಭಿಸುತ್ತಾರೆ. ಎರಡರಲ್ಲಿ ಯಾವುದರಿಂದ ತೊಡಗಿದರೂ ಮುಂದೆ ದಾರಿ ತೋರಿಸುವುದು ಮೂತ್ರ. ಮೂತ್ರಕೋಶಕ್ಕೆ ನಳಿಕೆ ಹಾಕಿ ಪ್ರತಿ ಗಂಟೆಯೂ ಅಳೆಯುತ್ತಾರೆ. ವಯಸ್ಕರಲ್ಲಿ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿಲಿಲೀಟರ್, ಎಂದರೆ ಈ ಗೃಹಿಣಿಗೆ 25 ಮಿಲಿಲೀಟರ್‌ಗೆ ಕಡಿಮೆಯಾಗಬಾರದು. ಅದಕ್ಕಿಂತ ಇಳಿದರೆ ದ್ರವದ ವೇಗವನ್ನು ಹೆಚ್ಚಿಸುತ್ತಾರೆ; 50 ದಾಟಿದರೆ ತಗ್ಗಿಸುತ್ತಾರೆ. ಹೆಚ್ಚಿಸುವುದು ಎಲ್ಲರಿಗೂ ನೆನಪಿರುತ್ತದೆ, ತಗ್ಗಿಸುವುದು ಮರೆಯುತ್ತದೆ. ಹಾಗೆ ಮರೆತಾಗ ದ್ರವವು ಶ್ವಾಸಕೋಶದಲ್ಲಿ ಸೇರಿ ಉಸಿರು ಕಟ್ಟುತ್ತದೆ, ಹೊಟ್ಟೆ ಬಿಗಿದು ಮೂತ್ರಪಿಂಡಗಳಿಗೆ ರಕ್ತ ಹರಿಯುವುದೇ ನಿಲ್ಲಬಹುದು. ಆಗಲೂ ಮೂತ್ರ ಕಡಿಮೆಯಾಗುತ್ತದೆ. ಅದನ್ನು ನೀರಿನ ಕೊರತೆಯೆಂದು ತಿಳಿದು ಮತ್ತಷ್ಟು ದ್ರವ ಕೊಟ್ಟರೆ ಅಪಾಯ ಇಮ್ಮಡಿಯಾಗುತ್ತದೆ. ಗಂಟೆಗಂಟೆಗೂ ಕೊಟ್ಟದ್ದು ಮತ್ತು ಹೊರಬಂದದ್ದು ಎರಡನ್ನೂ ಒಂದೇ ಹಾಳೆಯಲ್ಲಿ ಬರೆದಿದ್ದರೆ ಮಾತ್ರ ಈ ಭೇದ ತಿಳಿಯುತ್ತದೆ.

ಎರಡು ದಿನಗಳ ಅನಂತರ ರಕ್ತನಾಳಗಳ ಸೋರಿಕೆ ನಿಲ್ಲುತ್ತಾ ಬರುತ್ತದೆ. ಆಗ ನೀರು ಹೋಗುವ ದಾರಿ ಬೇರೆ; ತೆರೆದ ಗಾಯದಿಂದ ಅದು ಆವಿಯಾಗುತ್ತದೆ. ಇದನ್ನು ಅಂದಾಜು ಮಾಡಲು ತೆರೆದ ಗಾಯದ ಶೇಕಡಾವಾರಿಗೆ 25 ಕೂಡಿಸಿ, ಮೈಯ ಹೊರಮೈ ವಿಸ್ತಾರದ ಚದರ ಮೀಟರ್‌ನಿಂದ ಗುಣಿಸುತ್ತಾರೆ. ಈಕೆಯ ವಿಸ್ತಾರ ಸುಮಾರು 1.5 ಚದರ ಮೀಟರ್. 40ಕ್ಕೆ 25 ಕೂಡಿಸಿದರೆ 65; ಅದರ ಒಂದೂವರೆ ಪಟ್ಟು ಗಂಟೆಗೆ ಸುಮಾರು 98 ಮಿಲಿಲೀಟರ್, ದಿನಕ್ಕೆ ಎರಡೂಕಾಲು ಲೀಟರಿಗಿಂತ ಹೆಚ್ಚು. ನಾಲ್ಕನೆಯ ವಾರದಲ್ಲಿ ತೆರೆದ ಗಾಯ 12ಕ್ಕೆ ಇಳಿದರೆ ಇದೇ ನಷ್ಟ ದಿನಕ್ಕೆ 1300 ಮಿಲಿಲೀಟರ್ ಆಸುಪಾಸಿಗೆ ಬರುತ್ತದೆ. ಈ ಅಂದಾಜು ಸರಿಯೇ ಎಂಬುದನ್ನು ರಕ್ತದ ಸೋಡಿಯಂ ತಿಳಿಸುತ್ತದೆ. ಅದು 145ನ್ನು ಮೀರಿ ಏರುತ್ತಿದ್ದರೆ ನೀರು ಸಾಲದು, 135ಕ್ಕಿಂತ ಇಳಿಯುತ್ತಿದ್ದರೆ ಸಾಮಾನ್ಯವಾಗಿ ಬರಿಯ ನೀರು ಹೆಚ್ಚಾಗಿದೆ ಎಂದರ್ಥ. ಬಾಯಾರಿಕೆಯೆಂದು ಕೇಳಿದ ರೋಗಿಗೆ ವೈದ್ಯರನ್ನು ಕೇಳದೆ ಚೊಂಬುಗಟ್ಟಲೆ ನೀರು ಕುಡಿಸಬಾರದೆನ್ನುವುದಕ್ಕೆ ಇದು ಕಾರಣ.

ಇನ್ನು ಕ್ಯಾಲೊರಿ. ದೊಡ್ಡ ಸುಟ್ಟಗಾಯವು ದೇಹದ ಒಳಬೆಂಕಿಯನ್ನು ಉರಿಸುತ್ತದೆ. ಹೃದಯ ವೇಗವಾಗಿ ಬಡಿಯುತ್ತದೆ, ಮೈ ಬಿಸಿಯೇರುತ್ತದೆ, ಮಲಗಿದಲ್ಲಿಯೇ ಶಕ್ತಿ ವ್ಯಯವಾಗುತ್ತದೆ. ಹಳೆಯ ಕರ್ರೇರಿ ಸೂತ್ರದಂತೆ ತೂಕದ ಕಿಲೋಗೆ 25 ಮತ್ತು ಗಾಯದ ಶೇಕಡಾ ಒಂದಕ್ಕೆ 40 ಕ್ಯಾಲೊರಿ. ಈಕೆಗೆ 1250 ಮತ್ತು 1600 ಸೇರಿ 2850. ಈ ಸೂತ್ರದ ದೋಷವೆಂದರೆ ಅದು ದಿನಗಳೊಂದಿಗೆ ಬದಲಾಗುವುದಿಲ್ಲ. ಟೊರೊಂಟೊ ಸೂತ್ರವು ಹಿಂದಿನ ದಿನದ ಆಹಾರ, ಮೈಯ ಉಷ್ಣತೆ, ಕಳೆದ ದಿನಗಳು ಇವನ್ನೂ ಗಣಿಸುತ್ತದೆ. ಅದರಲ್ಲಿ ಜ್ವರ ಒಂದು ಸೆಂಟಿಗ್ರೇಡ್ ಏರಿದರೆ 114 ಕ್ಯಾಲೊರಿ ಕೂಡುತ್ತದೆ, ಒಂದು ದಿನ ಕಳೆದರೆ 4.5 ಕಳೆಯುತ್ತದೆ. ಹಿಂದಿನ ದಿನ 2000 ಕ್ಯಾಲೊರಿ ಸಂದಿದೆಯೆಂದು ಇಟ್ಟುಕೊಂಡರೆ, ಐದನೆಯ ದಿನ 38 ಡಿಗ್ರಿ ಉಷ್ಣತೆಯಲ್ಲಿ ಈ ಗೃಹಿಣಿಗೆ ವಿಶ್ರಾಂತಿಯಲ್ಲಿ ಸುಮಾರು 1900, ಪಟ್ಟಿ ಬದಲಾವಣೆ ಹಾಗೂ ವ್ಯಾಯಾಮಕ್ಕೆ ಐದನೆಯ ಒಂದು ಭಾಗ ಸೇರಿಸಿದರೆ 2300 ಕ್ಯಾಲೊರಿ ಬೇಕು. ಮೂವತ್ತನೆಯ ದಿನ ಜ್ವರವಿಳಿದ ಮೇಲೆ ಅದೇ ಲೆಕ್ಕ 2000ದ ಹತ್ತಿರ ಬರುತ್ತದೆ. ಆಗಲೂ 2850 ಕೊಡುತ್ತಿದ್ದರೆ ಮಾಂಸಖಂಡ ಬೆಳೆಯುವುದಿಲ್ಲ. ರಕ್ತದ ಸಕ್ಕರೆ ಏರುತ್ತದೆ, ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ. ಉಸಿರಿನ ಅನಿಲಗಳನ್ನು ಅಳೆದು ಶಕ್ತಿವ್ಯಯವನ್ನು ನೇರವಾಗಿ ತಿಳಿಸುವ ಯಂತ್ರವಿದ್ದರೆ ಅದರ ಮಾತೇ ಸೂತ್ರಕ್ಕಿಂತ ಮೇಲು.

ಪ್ರೋಟೀನ್‌ನ ಲೆಕ್ಕ ಸರಳ, ಪಾಲನೆ ಕಷ್ಟ. ವಯಸ್ಕರಿಗೆ ಕಿಲೋ ತೂಕಕ್ಕೆ ದಿನವೂ ಒಂದೂವರೆಯಿಂದ 2 ಗ್ರಾಂ ಬೇಕು. ಈಕೆಗೆ 75ರಿಂದ 100 ಗ್ರಾಂ. ಶಾಕಾಹಾರದಲ್ಲಿ ಇದು ಸಾಧ್ಯವೇ ಎಂಬ ಸಂದೇಹ ನಮ್ಮ ಮನೆಗಳಲ್ಲಿ ಸಹಜ. ಹಾಲು ಮತ್ತು ಮೊಸರು ಸೇರಿ ಒಂದು ಲೀಟರ್‌ನಲ್ಲಿ ಸುಮಾರು 32 ಗ್ರಾಂ, 100 ಗ್ರಾಂ ಬೇಳೆಯಲ್ಲಿ 22, 40 ಗ್ರಾಂ ಸೋಯಾ ಉಂಡೆಗಳಲ್ಲಿ 20, 30 ಗ್ರಾಂ ಕೆನೆರಹಿತ ಹಾಲಿನ ಪುಡಿಯಲ್ಲಿ 10, ಅಕ್ಕಿ ರಾಗಿ ಗೋಧಿ ಸೇರಿ 200 ಗ್ರಾಂ ಧಾನ್ಯದಲ್ಲಿ 14 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಒಟ್ಟು 98. ಸ್ವಲ್ಪ ತುಪ್ಪ ಮತ್ತು ಎರಡು ಬಾಳೆಹಣ್ಣು ಸೇರಿದರೆ ಕ್ಯಾಲೊರಿಯೂ 2300ರ ಸಮೀಪಕ್ಕೆ ಬರುತ್ತದೆ. ಆದರೆ ನೋವಿನಲ್ಲಿರುವ ರೋಗಿ ಇಷ್ಟನ್ನು ಬಾಯಿಂದ ಉಣ್ಣಲಾರಳು. ಆದ್ದರಿಂದಲೇ ಮೊದಲ ದಿನವೇ ಮೂಗಿನ ಮೂಲಕ ಜಠರಕ್ಕೆ ಸಣ್ಣ ನಳಿಕೆ ಹಾಕಿ ದ್ರವಾಹಾರ ಆರಂಭಿಸುತ್ತಾರೆ. ಬೇಳೆ, ಮೊಸರು ತಿಂದರೆ ಗಾಯ ನಂಜಾಗುತ್ತದೆಂದು ಗಂಜಿಯನ್ನಷ್ಟೇ ಕೊಡುವ ರೂಢಿ ಇಲ್ಲಿ ಹಾನಿಕರ. ಎರಡು ಬಟ್ಟಲು ಗಂಜಿಯಲ್ಲಿ 10 ಗ್ರಾಂ ಪ್ರೋಟೀನ್ ಕೂಡ ಇರುವುದಿಲ್ಲ. ಮೂತ್ರಪಿಂಡದ ಕಾಯಿಲೆಯುಳ್ಳವರಿಗೆ ಮಾತ್ರ ಈ ಪ್ರಮಾಣವನ್ನು ವೈದ್ಯರು ಬೇರೆಯಾಗಿ ನಿರ್ಧರಿಸುತ್ತಾರೆ.

ಈಗ ವಾರಗಳ ದಾಖಲೆಗೆ ಬರೋಣ. ಒಳ್ಳೆಯ ದಾಖಲೆಯಲ್ಲಿ ನಿಗದಿಪಡಿಸಿದ ಆಹಾರ ಮತ್ತು ನಿಜವಾಗಿ ದೇಹಕ್ಕೆ ಸೇರಿದ ಆಹಾರ ಅಕ್ಕಪಕ್ಕದಲ್ಲಿರುತ್ತವೆ. ಜೊತೆಗೆ ತೂಕ, ತೆರೆದ ಗಾಯದ ಶೇಕಡಾವಾರು, ಅತ್ಯಧಿಕ ಉಷ್ಣತೆ, ಸೋಡಿಯಂ ಮತ್ತು ಸಕ್ಕರೆ. ಮೂರನೆಯ ದಿನ ಗೃಹಿಣಿಯ ತೂಕ 56 ಕಿಲೋ ಎಂದು ದಾಖಲಾದರೆ ಅದು ಪುಷ್ಟಿಯಲ್ಲ, ಊತ. ಆದ್ದರಿಂದ ಎಲ್ಲ ಲೆಕ್ಕಕ್ಕೂ ಸುಡುವ ಮುನ್ನಿನ 50 ಕಿಲೋವನ್ನೇ ಆಧಾರವಾಗಿ ಹಿಡಿಯಬೇಕು. ಎರಡನೆಯ ವಾರದ ಆರಂಭದಲ್ಲಿ ಊತ ಇಳಿದು ತೂಕ 49 ಆಯಿತೆನ್ನೋಣ. ಆ ವಾರ ಎರಡು ಬಾರಿ ಚರ್ಮಕಸಿ, ಒಮ್ಮೆ ಅರಿವಳಿಕೆ ಕೊಟ್ಟು ಪಟ್ಟಿ ಬದಲಾವಣೆ. ಪ್ರತಿ ಬಾರಿಯೂ ಆಹಾರ ನಿಲ್ಲಿಸಿದ್ದರಿಂದ ತಲಾ 60 ಗ್ರಾಂ ಪ್ರೋಟೀನ್ ತಪ್ಪಿತು. ವಾರಕ್ಕೆ 700 ಗ್ರಾಂ ಬರೆದಿತ್ತು, ಸಂದದ್ದು 520. ದಿನಕ್ಕೆ ಸರಾಸರಿ 74, ಕನಿಷ್ಠ ಮಿತಿಗಿಂತಲೂ ಕಡಿಮೆ. ವಾರದ ಕೊನೆಗೆ ತೂಕ 47. ನಿಗದಿಯ ಹಾಳೆಯನ್ನಷ್ಟೇ ನೋಡಿದವರಿಗೆ ಇದರ ಕಾರಣ ಹೊಳೆಯದು. ಎರಡೂ ಸಾಲುಗಳನ್ನು ಹೋಲಿಸಿದವರಿಗೆ ಕೂಡಲೇ ಕಾಣುತ್ತದೆ. ಮೂರನೆಯ ವಾರ ಉಪವಾಸದ ಗಂಟೆಗಳನ್ನು ಕಡಿಮೆ ಮಾಡಿ, ತಪ್ಪಿದ ಆಹಾರವನ್ನು ಉಳಿದ ಗಂಟೆಗಳಿಗೆ ಹಂಚಿ ಕೊಟ್ಟು 680 ಗ್ರಾಂ ಮುಟ್ಟಿಸಿದರೆ ತೂಕ 46.5ರಲ್ಲಿ ನಿಲ್ಲುತ್ತದೆ. ಹತ್ತನೆಯ ಒಂದು ಭಾಗ, ಅಂದರೆ 45 ಕಿಲೋಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದೇ ಗುರಿ. ಅದಕ್ಕಿಂತ ಇಳಿದರೆ ಕಸಿ ಮಾಡಿದ ಚರ್ಮ ಹಿಡಿಯುವುದು ನಿಧಾನವಾಗುತ್ತದೆ, ಸೋಂಕು ಸುಲಭವಾಗಿ ತಗಲುತ್ತದೆ. ತೂಕವನ್ನು ಪ್ರತಿ ಬಾರಿಯೂ ಪಟ್ಟಿಗಳನ್ನು ತೆಗೆದಾಗಲೇ ನೋಡಬೇಕು. ಒದ್ದೆ ಪಟ್ಟಿಗಳ ಭಾರವೇ ಒಂದೆರಡು ಕಿಲೋ ಆಗಬಹುದು.

ರಕ್ತದ ಆಲ್ಬುಮಿನ್ ಕಡಿಮೆಯಿದೆಯೆಂದು ಬಂಧುಗಳು ಗಾಬರಿಗೊಳ್ಳುವುದುಂಟು. ದೊಡ್ಡ ಗಾಯದಲ್ಲಿ ಅದು ಸೋರಿಕೆಯಿಂದಲೂ ಉರಿಯೂತದಿಂದಲೂ ಕುಸಿಯುತ್ತದೆ. ಆದುದರಿಂದ ಅದೊಂದನ್ನೇ ಪೋಷಣೆಯ ಅಳತೆಯೆಂದು ತಿಳಿಯುವಂತಿಲ್ಲ. ತೂಕದ ಗತಿ, ಗಾಯ ಮುಚ್ಚುವ ಗತಿ, ಸಂದ ಆಹಾರ ಈ ಮೂರನ್ನು ಒಟ್ಟಿಗೆ ಓದಬೇಕು.

ಗಾಯ ಮುಚ್ಚಿ ಮನೆಗೆ ಬಂದೊಡನೆ ದೇಹದ ಒಳಬೆಂಕಿ ಆರುವುದಿಲ್ಲ. ಕಡಿಮೆಯಾಗುತ್ತಾ ಒಂದು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಉಳಿಯುತ್ತದೆ. ಆದಕಾರಣ ಆಸ್ಪತ್ರೆಯ ಆ ಹಾಳೆಯನ್ನು ಮನೆಯ ನೋಟುಪುಸ್ತಕದಲ್ಲಿ ಮುಂದುವರಿಸಬೇಕು. ವಾರಕ್ಕೊಮ್ಮೆ ಒಂದೇ ಸಮಯದಲ್ಲಿ, ಒಂದೇ ತಕ್ಕಡಿಯಲ್ಲಿ ತೂಕ. ದಿನವೂ ಕುಡಿದ ಹಾಲು, ಉಂಡ ಬೇಳೆಯ ಪ್ರಮಾಣ. ಇನ್ನೂ ತೆರೆದಿರುವ ಗಾಯ ಎಷ್ಟು ಅಂಗೈ ಎಂಬುದು. ಎರಡು ವಾರ ಸತತವಾಗಿ ತೂಕ ಇಳಿದರೆ, ಅಥವಾ ಮಾಯುತ್ತಿದ್ದ ಗಾಯ ಅಷ್ಟಕ್ಕೇ ನಿಂತರೆ ಆ ಪುಸ್ತಕವನ್ನು ಹಿಡಿದುಕೊಂಡೇ ವೈದ್ಯರ ಬಳಿಗೆ ಹೋಗಬೇಕು.