ಬಣ್ಣ ಬಂದದ್ದು 1982ಕ್ಕೆ, ಜನ ಬಂದದ್ದು 1984ಕ್ಕೆ

1982ರ ಆಗಸ್ಟ್ 15ರಂದು ದೂರದರ್ಶನ ಒಂದೇ ದಿನ ಎರಡು ಹೊಸ ಹೆಜ್ಜೆ ಇಟ್ಟಿತು. ದೆಹಲಿಯ ಕಾರ್ಯಕ್ರಮ ಇಡೀ ದೇಶಕ್ಕೆ ಏಕಕಾಲದಲ್ಲಿ ಹೋಗುವ ರಾಷ್ಟ್ರೀಯ ಪ್ರಸಾರ ಅಂದು ಮೊದಲಾಯಿತು. ಸ್ವಾತಂತ್ರ್ಯೋತ್ಸವದ ಸಮಾರಂಭ ಬಣ್ಣದಲ್ಲಿ ಬಂತು. ನವೆಂಬರ್ 19ರಿಂದ ದೆಹಲಿಯಲ್ಲಿ ಏಷ್ಯಾ ಕ್ರೀಡಾಕೂಟವಿತ್ತು. ಹೊರದೇಶಗಳ ಟಿವಿ ಸಂಸ್ಥೆಗಳಿಗೆ ಬಣ್ಣದ ಚಿತ್ರ ಕೊಡಲೇಬೇಕಿತ್ತು. ಬಣ್ಣದ ವಿಚಾರದಲ್ಲಿ ವರ್ಷಗಳಿಂದ ನಡೆದಿದ್ದ ಚರ್ಚೆಗೆ ತೆರೆ ಎಳೆದದ್ದು ಈ ಗಡುವು. ಬಡ ದೇಶಕ್ಕೆ ಬಣ್ಣದ ಟಿವಿ ಯಾಕೆ ಎಂಬ ಪ್ರಶ್ನೆ ಆಗ ಗಟ್ಟಿಯಾಗಿಯೇ ಕೇಳಿಬರುತ್ತಿತ್ತು.

ಆ ಪ್ರಶ್ನೆಗೆ ಕಾರಣವೂ ಇತ್ತು. ಭಾರತದ ಟಿವಿ ಹುಟ್ಟಿದ್ದೇ ಪಾಠ ಹೇಳುವುದಕ್ಕೆ. 1959ರ ಸೆಪ್ಟೆಂಬರ್ 15ರಂದು ದೆಹಲಿಯ ಆಕಾಶವಾಣಿ ಭವನದ ಒಂದು ತಾತ್ಕಾಲಿಕ ಸ್ಟುಡಿಯೋದಿಂದ ಪ್ರಾಯೋಗಿಕ ಪ್ರಸಾರ ಆರಂಭವಾದಾಗ ಕಾರ್ಯಕ್ರಮ ಬರುತ್ತಿದ್ದದ್ದು ವಾರಕ್ಕೆ ಎರಡು ದಿನ ಮಾತ್ರ. ಪ್ರತಿದಿನದ ಪ್ರಸಾರಕ್ಕೆ 1965ರವರೆಗೆ ಕಾಯಬೇಕಾಯಿತು, ಮುಂಬಯಿಗೆ ಟಿವಿ ತಲುಪಲು 1972 ಬರಬೇಕಾಯಿತು. ಕರ್ನಾಟಕದ ಹಳ್ಳಿಗಳು ಟಿವಿ ಕಂಡದ್ದು ಬೆಂಗಳೂರಿಗಿಂತ ಮೊದಲು ಎಂಬುದು ಇಂದಿಗೂ ಅನೇಕರಿಗೆ ಅಚ್ಚರಿ ತರುವ ಸಂಗತಿ. 1975ರ ಆಗಸ್ಟ್‌ನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಕಳಿಸಲಾಯಿತು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ತಂತಿ ಬಲೆಯಿಂದ ಮಾಡಿದ ದೊಡ್ಡ ಬೋಗುಣಿಯಂಥ ಆಂಟೆನಾ, ಊರಿಗೆಲ್ಲ ಒಂದು ಟಿವಿ; ತೋರಿಸಿದ್ದು ಬೇಸಾಯ, ಆರೋಗ್ಯ, ಮಕ್ಕಳ ಪಾಠ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು.

ಬಣ್ಣಕ್ಕೆ ಹೋಗುವಾಗ ಎಂಜಿನಿಯರುಗಳ ಮುಂದಿದ್ದ ದೊಡ್ಡ ಸಮಸ್ಯೆ ಕ್ಯಾಮೆರಾದ್ದಲ್ಲ. ಆಗಲೇ ಜನರ ಮನೆಯಲ್ಲಿದ್ದ ಕಪ್ಪು-ಬಿಳುಪು ಸೆಟ್ಟುಗಳು ಒಂದು ದಿನವೂ ಕುರುಡಾಗಬಾರದಿತ್ತು. ಅದಕ್ಕೆ ಉಪಾಯ ಬಣ್ಣದ ಸಂಕೇತದ ರಚನೆಯಲ್ಲೇ ಇದೆ. ಕ್ಯಾಮೆರಾ ದೃಶ್ಯವನ್ನು ಕೆಂಪು, ಹಸಿರು, ನೀಲಿ ಎಂದು ಮೂರಾಗಿ ಒಡೆಯುತ್ತದೆ. ಆದರೆ ಆ ಮೂರನ್ನೂ ಹಾಗೆಯೇ ಕಳಿಸುವುದಿಲ್ಲ. ಮೊದಲು ಮೂರನ್ನೂ ಬೆರೆಸಿ ದೃಶ್ಯದ ಬೆಳಕು ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂಬ ಒಂದೇ ಸಂಕೇತ ಮಾಡುತ್ತಾರೆ. ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚು ಪ್ರಕಾಶವಾಗಿ ಕಾಣುವುದರಿಂದ ಈ ಮಿಶ್ರಣದಲ್ಲಿ ಹಸಿರಿನದು ಶೇ. 59, ಕೆಂಪಿನದು ಶೇ. 30, ನೀಲಿಯದು ಶೇ. 11. ಹಳೆಯ ಸೆಟ್ಟಿಗೆ ಇಷ್ಟು ಸಾಕು, ಅದು ಎಂದಿನಂತೆ ಬೂದು ಚಿತ್ರ ಮೂಡಿಸುತ್ತದೆ. ಬಣ್ಣದ ವಿವರ ಮಾತ್ರ ಬೇರೆಯಾಗಿ, ಅದೇ ಅಲೆಯ ಮೇಲೆ ಇನ್ನೊಂದು ಸಣ್ಣ ಅಲೆಯಾಗಿ ಸವಾರಿ ಮಾಡುತ್ತದೆ. ಹೊಸ ಸೆಟ್ಟು ಅದನ್ನು ಬಿಡಿಸಿಕೊಳ್ಳುತ್ತದೆ, ಹಳೆಯದು ಅದರ ಗೋಜಿಗೆ ಹೋಗುವುದಿಲ್ಲ. ಭಾರತ ಆರಿಸಿಕೊಂಡ ಪಾಲ್ ಪದ್ಧತಿಯಲ್ಲಿ ಬಣ್ಣದ ಸಂಕೇತದ ಒಂದು ಭಾಗವನ್ನು ಸಾಲು ಬಿಟ್ಟು ಸಾಲಿಗೆ ತಿರುವಿ ಕಳಿಸುತ್ತಾರೆ. ದಾರಿಯಲ್ಲಿ ಬಣ್ಣ ಕೆಟ್ಟರೆ ಒಂದು ಸಾಲಿನ ತಪ್ಪನ್ನು ಮುಂದಿನ ಸಾಲಿನ ತಪ್ಪು ಸರಿದೂಗಿಸುತ್ತದೆ, ಮುಖ ಹಸಿರಾಗಿ ಕಾಣುವುದು ತಪ್ಪುತ್ತದೆ.

ಈ ಏರ್ಪಾಟಿಗೂ ಮಿತಿಗಳಿದ್ದವು. ಪ್ರಕಾಶ ಒಂದೇ ಆದ ಕೆಂಪು ಸೀರೆ, ಹಸಿರು ಸೀರೆ ಹಳೆಯ ಸೆಟ್ಟಿನಲ್ಲಿ ಒಂದೇ ಬೂದಿಯಾಗಿ ಕಾಣುತ್ತಿದ್ದವು. ಇತ್ತ ದುಬಾರಿ ಬೆಲೆ ತೆತ್ತು ಬಣ್ಣದ ಸೆಟ್ಟು ತಂದವರಿಗೆ ಬೇರೆ ಪೇಚು. ಸಂಕೇತ ದುರ್ಬಲವಾದರೆ ಮೊದಲು ಕೈಕೊಡುವುದು ಬಣ್ಣದ ಅಲೆಯೇ. ಆಗ ಸೆಟ್ಟಿನೊಳಗಿನ ಒಂದು ಸರ್ಕ್ಯೂಟ್ ಬಣ್ಣವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಚಿತ್ರ ಇರುತ್ತದೆ, ಆದರೆ ಕಪ್ಪು-ಬಿಳುಪು. ಸೆಟ್ಟು ಕೆಟ್ಟಿತೆಂದು ರಿಪೇರಿಯವನನ್ನು ಕರೆಯುವ ಮೊದಲು ಛಾವಣಿ ಹತ್ತಿ ಆಂಟೆನಾ ತಿರುಗಿಸಿ ನೋಡಬೇಕಿತ್ತು. ಬಣ್ಣ ಮರಳಿದರೆ ದೋಷ ಆಂಟೆನಾದ ದಿಕ್ಕಿನದು. ಚಿತ್ರದ ಪಕ್ಕದಲ್ಲಿ ಅದರದೇ ನೆರಳು ಕಂಡರೆ ಸಂಕೇತ ಗುಡ್ಡಕ್ಕೋ ದೊಡ್ಡ ಕಟ್ಟಡಕ್ಕೋ ಬಡಿದು ತಡವಾಗಿ ಬರುತ್ತಿದೆ ಎಂದರ್ಥ. ಬಣ್ಣದ ಸೆಟ್ಟು ಕೈಗೆಟುಕದವರು ಪರದೆಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡರು. ದೇಶದ ಬಹುಪಾಲು ಮನೆಗಳಲ್ಲಿ ಇನ್ನೂ ಹಲವು ವರ್ಷ ಟಿವಿ ಎಂದರೆ ಕಪ್ಪು-ಬಿಳುಪೇ.

ಹಾಗಾಗಿ ಜನರನ್ನು ಟಿವಿಯ ಮುಂದೆ ತಂದು ಕೂರಿಸಿದ್ದು ಬಣ್ಣ ಎಂದು ಹೇಳುವುದು ಸರಿಯಾಗದು. ಅದಕ್ಕಿಂತ ಮುಖ್ಯವಾದದ್ದು ಸಂಕೇತ ಊರು ತಲುಪಿದ್ದು. ಏಷ್ಯಾ ಕ್ರೀಡಾಕೂಟಕ್ಕೆ ಒದಗಬೇಕಿದ್ದ ಇನ್ಸಾಟ್-1ಎ ಉಪಗ್ರಹ ಕೂಟಕ್ಕೆ ಮೊದಲೇ, ಸೆಪ್ಟೆಂಬರಿನಲ್ಲಿ ಕೈಕೊಟ್ಟಿತ್ತು. 1983ರ ಆಗಸ್ಟ್ ಕೊನೆಗೆ ಹಾರಿದ ಇನ್ಸಾಟ್-1ಬಿ ಕೆಲಸ ಮಾಡಿತು. ಆಮೇಲೆ ಊರೂರಲ್ಲಿ ಕಡಿಮೆ ಶಕ್ತಿಯ, ನೂರು ವಾಟಿನ ಪ್ರಸಾರಕಗಳನ್ನು ಭರದಿಂದ ನಿಲ್ಲಿಸಲಾಯಿತು. ಪಟ್ಟಣ ಮತ್ತು ಅದರ ಸುತ್ತಲ ಹಳ್ಳಿಗಳಿಗೆ ಇಂಥದ್ದೊಂದು ಸಾಕಾಗುತ್ತಿತ್ತು. 1984ರಲ್ಲಿ ಕೆಲವು ತಿಂಗಳು ಹೆಚ್ಚುಕಡಿಮೆ ದಿನಕ್ಕೊಂದು ಪ್ರಸಾರಕ ಶುರುವಾಯಿತು.

ಅದೇ ವರ್ಷದ ಜುಲೈ 7ರಂದು 'ಹಮ್ ಲೋಗ್' ಬಂತು.

ಅದೂ ಪಾಠದ ಉದ್ದೇಶದಿಂದಲೇ ಹುಟ್ಟಿದ ಧಾರಾವಾಹಿ. ಮೆಕ್ಸಿಕೋದಲ್ಲಿ ಮಿಗೆಲ್ ಸಬಿಡೊ ಕುಟುಂಬ ಯೋಜನೆ, ಸಾಕ್ಷರತೆಯಂಥ ವಿಷಯಗಳನ್ನು ಧಾರಾವಾಹಿಯಲ್ಲಿ ಹೆಣೆದು ಗೆದ್ದಿದ್ದರು. ಅದೇ ಮಾದರಿ ಇಲ್ಲಿಗೆ ತಂದರು. ಮನೋಹರ ಶ್ಯಾಮ್ ಜೋಶಿ ಬರೆದರು, ಪಿ. ಕುಮಾರ್ ವಾಸುದೇವ್ ನಿರ್ದೇಶಿಸಿದರು. ಕುಡುಕ ಅಪ್ಪ ಬಸೇಸರ್ ರಾಮ್, ಎಲ್ಲವನ್ನೂ ನುಂಗಿಕೊಳ್ಳುವ ತಾಯಿ ಭಾಗವಂತಿ, ಬಡ್ಕಿ, ಮಝ್ಲಿ, ಛುಟ್ಕಿ ಎಂಬ ಹೆಣ್ಣುಮಕ್ಕಳು, ಕೆಲಸ ಹುಡುಕುವ ಗಂಡುಮಕ್ಕಳು. ಮೊದಲ ಹತ್ತಾರು ಕಂತುಗಳಲ್ಲಿ ಕುಟುಂಬ ಯೋಜನೆಯ ಬೋಧನೆಯೇ ಭಾರವಾಗಿ, ಪ್ರೇಕ್ಷಕರು ಬೇಸರ ತೋರಿಸಿದರು. ಆಗ ಬೋಧನೆಯನ್ನು ಕೆಳದನಿಗಿಳಿಸಿ ಮನೆಯ ಕಥೆಯನ್ನು ಮುಂದೆ ತಂದರು. ಬಡ್ಕಿಗೆ ಮದುವೆಯಾಗುತ್ತದೆಯೇ ಎಂಬ ಚಿಂತೆ ನೋಡುವವರ ಮನೆಯ ಚಿಂತೆಯೇ ಆಯಿತು. ಪ್ರತಿ ಕಂತಿನ ಕೊನೆಯಲ್ಲಿ ಹಿರಿಯ ನಟ ಅಶೋಕ್ ಕುಮಾರ್ ಬಂದು ಎರಡು ಮಾತಾಡಿ, ಕಾಗದ ಬರೆಯಿರಿ ಎನ್ನುತ್ತಿದ್ದರು. ಬಂದ ಕಾಗದಗಳು ಸುಮಾರು ನಾಲ್ಕು ಲಕ್ಷ.

ಸಂದೇಶದ ಕಥೆ ಮಾತ್ರ ಅಂದುಕೊಂಡಂತೆ ಆಗಲಿಲ್ಲ. ಭಾಗವಂತಿಯನ್ನು ಕಂಡು ಹೆಂಗಸರು ಹೀಗೆ ಬಾಳಬಾರದು ಎಂದುಕೊಳ್ಳಲಿ ಎಂಬುದು ಆಶಯ. ನಂತರ ನಡೆದ ಅಧ್ಯಯನದಲ್ಲಿ ಬಹಳಷ್ಟು ಪ್ರೇಕ್ಷಕರು ಅವಳನ್ನೇ ಆದರ್ಶ ಗೃಹಿಣಿ ಎಂದು ಮೆಚ್ಚಿದ್ದು ಗೊತ್ತಾಯಿತು. ದಕ್ಷಿಣದಲ್ಲಿ ಹಿಂದಿಯ ಕಾರಣಕ್ಕೆ ನೋಡುಗರು ಕಡಿಮೆಯೇ ಇದ್ದರು. ಲಾಭ ಮಾತ್ರ ನಿಚ್ಚಳವಾಗಿ ಕಂಡದ್ದು ಪ್ರಾಯೋಜಕರಿಗೆ. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಮ್ಯಾಗಿ ಈ ಧಾರಾವಾಹಿಯ ಜೊತೆಗೇ ಮನೆಮಾತಾಯಿತು. ಖಾಸಗಿ ಕಂಪನಿಯ ಹಣದಿಂದ ಧಾರಾವಾಹಿ ನಡೆಸಬಹುದು ಎಂಬುದು ದೂರದರ್ಶನಕ್ಕೆ ಮನದಟ್ಟಾಯಿತು. ಮುಂದಿನ ಧಾರಾವಾಹಿಗಳೆಲ್ಲ ಹಿಡಿದದ್ದು ಈ ದಾರಿಯನ್ನೇ.

1986ರಲ್ಲಿ ದೇಶವಿಭಜನೆಯ 'ಬುನಿಯಾದ್' ಬಂತು. ಶಂಕರ್ ನಾಗ್ ಆಗುಂಬೆಯ ಬೀದಿಗಳಲ್ಲಿ ಆರ್.ಕೆ. ನಾರಾಯಣರ ಊರನ್ನು ಕಟ್ಟಿ ತೆಗೆದ 'ಮಾಲ್ಗುಡಿ ಡೇಸ್', ಮಾಸ್ಟರ್ ಮಂಜುನಾಥ್‌ನ ಸ್ವಾಮಿಯ ಮೂಲಕ, ರಾಷ್ಟ್ರೀಯ ಪ್ರಸಾರದಲ್ಲಿ ಮಲೆನಾಡನ್ನು ತೋರಿಸಿತು. 1987ರ ಜನವರಿ 25ರ ಭಾನುವಾರ ಬೆಳಿಗ್ಗೆ ರಮಾನಂದ ಸಾಗರರ 'ರಾಮಾಯಣ' ಆರಂಭವಾದ ಮೇಲೆ ಆ ಹೊತ್ತಿಗೆ ಬೀದಿಗಳು ಖಾಲಿಯಾದವು. ಅಕ್ಕಪಕ್ಕದವರು ಟಿವಿ ಇದ್ದ ಮನೆಯ ಜಗಲಿವರೆಗೂ ತುಂಬಿಕೊಂಡರು. 78 ಕಂತುಗಳಾದ ಮೇಲೆ, 1988ರ ಜುಲೈ 31ರಂದು ಅದು ಮುಗಿಯಿತು. ಉತ್ತರಕಾಂಡ ಬರಲೇಬೇಕೆಂದು ಪಂಜಾಬಿನ ಜಲಂಧರದ ಪೌರಕಾರ್ಮಿಕರು ಕಸ ಎತ್ತುವುದನ್ನು ನಿಲ್ಲಿಸಿದರು, ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು. ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ಪೂಜಿಸುವ ಅವರಿಗೆ, ಆಶ್ರಮದಲ್ಲಿ ಸೀತೆಗೆ ಆಸರೆ ಕೊಟ್ಟು ಲವಕುಶರನ್ನು ಬೆಳೆಸಿದ ಭಾಗವಿಲ್ಲದೆ ಕಥೆ ಪೂರ್ತಿಯಾಗಿರಲಿಲ್ಲ. ಸರ್ಕಾರ ಒಪ್ಪಿತು, 'ಉತ್ತರ ರಾಮಾಯಣ' ಪ್ರಸಾರವಾಯಿತು.