ನೂರು ಹಳೆಯ ವಿಡಿಯೊಗಳಲ್ಲಿ ಯಾವುದಕ್ಕೆ ಇನ್ನೂ ಜೀವವಿದೆ?

2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯನ್ನು ಬೆಂಗಳೂರು ದಕ್ಷಿಣ ಎಂದು ಕರೆಯಲು ರಾಜ್ಯ ಸಂಪುಟ ತೀರ್ಮಾನಿಸಿತು. ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದ ಬೊಂಬೆ, ಕನಕಪುರದ ಮೇಕೆದಾಟು, ಮಾಗಡಿಯ ಕೋಟೆ ಎಂದು ಯೂಟ್ಯೂಬಿಗೆ ನೂರು ವಿಡಿಯೊ ಹಾಕಿದ ಒಂದು ಚಾನೆಲ್ ಇದೆಯೆಂದುಕೊಳ್ಳೋಣ. ಅದು ಹಳೆಯ ಶೀರ್ಷಿಕೆಗಳನ್ನೆಲ್ಲ ಈಗ ತಿದ್ದಬೇಕೆ?

ಇದಕ್ಕೆ ದಾರಿ ತೋರುವ ಲೆಕ್ಕ ಭೂಕಂಪ ಶಾಸ್ತ್ರದಲ್ಲಿ ಹುಟ್ಟಿದ್ದು. ದೊಡ್ಡ ಕಂಪನದ ನಂತರ ಕಿರುಕಂಪನಗಳು ಥಟ್ಟನೆ ನಿಲ್ಲುವುದಿಲ್ಲ, ದಿನ ಕಳೆದಂತೆ ನಿಧಾನವಾಗಿ ವಿರಳವಾಗುತ್ತವೆ ಎಂದು ಜಪಾನಿನ ಒಮೋರಿ 1894ರಲ್ಲಿ ತೋರಿಸಿದ. 2008ರಲ್ಲಿ ರೈಲಿ ಕ್ರೇನ್ ಮತ್ತು ಡಿಡಿಯೆ ಸೋರ್ನೆಟ್ ಸುಮಾರು 50 ಲಕ್ಷ ಯೂಟ್ಯೂಬ್ ವಿಡಿಯೊಗಳ ವೀಕ್ಷಣೆಯಲ್ಲಿ ಇಂಥದೇ ಇಳಿಮುಖವನ್ನು ಕಂಡುಕೊಂಡರು. ಕೆಲವು ಒಂದೇ ದಿನ ಚಿಮ್ಮಿ ಕೂಡಲೇ ಬಿದ್ದುಹೋಗುತ್ತವೆ. ಇನ್ನು ಕೆಲವು ಬಾಯಿಂದ ಬಾಯಿಗೆ ಹರಡುತ್ತ ತಿಂಗಳುಗಟ್ಟಲೆ ಬಾಳುತ್ತವೆ. ಒಟ್ಟು ವೀಕ್ಷಣೆಯ ಸಂಖ್ಯೆ ಈ ಎರಡನ್ನೂ ಒಂದೇ ತೆರನಾಗಿ ತೋರಿಸುವುದರಿಂದ, ಯಾವ ಹಳೆಯ ವಿಡಿಯೊವನ್ನು ಇಡಬೇಕು, ಯಾವುದನ್ನು ತಿದ್ದಬೇಕು ಎಂಬ ವಿಂಗಡಣೆಗೆ ಅದೊಂದನ್ನೇ ನಂಬುವುದು ದೊಡ್ಡ ತಪ್ಪು.

ಆದ್ದರಿಂದ ಪ್ರಕಟವಾದ ಮೊದಲ ತಿಂಗಳನ್ನು ಬದಿಗಿಟ್ಟು, ಕಳೆದ 12 ತಿಂಗಳ ಅಂಕಿಯನ್ನಷ್ಟೇ ನೋಡಬೇಕು. ಪೂರ್ತಿ ವರ್ಷವೇ ಬೇಕು, ಏಕೆಂದರೆ ಮಳೆಗಾಲದಲ್ಲಿ ಕಾವೇರಿ ತುಂಬಿದಾಗ ಮೇಕೆದಾಟುವನ್ನು ಹುಡುಕುವವರು ಹೆಚ್ಚಬಹುದು. ಬೇಸಿಗೆಯ ಮೂರು ತಿಂಗಳನ್ನಷ್ಟೇ ನೋಡಿದರೆ ಆ ವಿಡಿಯೊ ಸತ್ತಂತೆ ಕಂಡೀತು.

ಬೊಂಬೆಯ ವಿಡಿಯೊ ತೆಗೆದುಕೊಳ್ಳಿ. ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುವುದನ್ನು ಅದು ಹತ್ತಿರದಿಂದ ತೋರಿಸುತ್ತದೆ. ತೆರೆದವರಲ್ಲಿ ಹೆಚ್ಚಿನವರು ಕೊನೆಯವರೆಗೂ ನೋಡಿದ್ದಾರೆ, ಆದರೆ ಕಣ್ಣಿಗೆ ಬಿದ್ದರೂ ತೆರೆದವರೇ ಕಡಿಮೆ. ಶೀರ್ಷಿಕೆ ‘ನಮ್ಮೂರ ಹೆಮ್ಮೆ, ಭಾಗ 3’ ಎಂದಿದ್ದರೆ ಒಳಗೇನಿದೆಯೆಂದು ಯಾರಿಗೆ ತಿಳಿಯಬೇಕು? ‘ಚನ್ನಪಟ್ಟಣದ ಬೊಂಬೆಗೆ ಅರಗಿನ ಬಣ್ಣ ಹಿಡಿಸುವ ಬಗೆ’ ಎಂದು ಬದಲಿಸಿ ಕೆಲವು ವಾರ ಕಾಯಬೇಕು. ಮುಖಚಿತ್ರವನ್ನೂ ಅದೇ ದಿನ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.

ಜಿಲ್ಲೆಯ ಹೆಸರಿನ ಪ್ರಶ್ನೆಗೂ ಉತ್ತರ ಅಂಕಿಯಲ್ಲೇ ಸಿಗುತ್ತದೆ. ಹುಡುಕಿ ಬಂದವರು ಏನೆಂದು ಬರೆದು ಹುಡುಕಿದರು ಎಂಬುದನ್ನು ಯೂಟ್ಯೂಬ್ ಸ್ಟುಡಿಯೊ ತೋರಿಸುತ್ತದೆ. ಅಲ್ಲಿ ‘ರಾಮನಗರ’ವೇ ಇದ್ದು ಜನ ಬರುತ್ತಿದ್ದರೆ, ಆ ವಿಡಿಯೊವನ್ನು ಇದ್ದಂತೆಯೇ ಇಟ್ಟು, ಹೊಸ ಹೆಸರನ್ನು ವಿವರಣೆಗೆ ಸೇರಿಸಿದರೆ ಸಾಕು.

ಬೆಂಗಳೂರಿನಿಂದ ಚನ್ನಪಟ್ಟಣಕ್ಕೆ ಹಳೆಯ ಹೆದ್ದಾರಿಯಲ್ಲಿ ಹೋಗುವ ವಿಡಿಯೊದ ಕಥೆ ಬೇರೆ. ನೋಡುಗರಿದ್ದಾರೆ, ಆದರೆ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿಕೊಂಡು ಹೋಗುವುದರಿಂದ ಅದರಲ್ಲಿನ ಮಾಹಿತಿ ಹಳತಾಗಿದೆ. ಅದೇ ಕೊಂಡಿಯಲ್ಲಿ ಹೊಸ ಫೈಲ್ ಹಾಕಲು ಯೂಟ್ಯೂಬ್ ಬಿಡುವುದಿಲ್ಲ. ಹೊಸ ವಿಡಿಯೊ ಮಾಡಿ, ಹಳೆಯದರ ವಿವರಣೆಯಲ್ಲೂ ಮೊದಲ ಕಾಮೆಂಟಿನಲ್ಲೂ ಅದರ ಕೊಂಡಿ ಕೊಡುವುದೇ ದಾರಿ.

2024ರ ನವೆಂಬರ್‌ನ ಚನ್ನಪಟ್ಟಣ ಉಪಚುನಾವಣೆಯ ಪ್ರಚಾರದ ತುಣುಕುಗಳು ಕಡತಕ್ಕೆ ಹೋಗಬಹುದು. ಅಳಿಸುವುದು ಬೇಡ, ಅವು ಊರಿನ ದಾಖಲೆ. ಅನ್‌ಲಿಸ್ಟೆಡ್ ಮಾಡಿದರೆ ಹುಡುಕಾಟದಲ್ಲಿ ಸಿಗುವುದಿಲ್ಲ, ಕೊಂಡಿ ಇದ್ದವರು ನೋಡಬಹುದು. ಆದರೆ ಜಾಹೀರಾತು ಆದಾಯಕ್ಕೆ ಬೇಕಾದ 4,000 ಗಂಟೆಗಳ ಲೆಕ್ಕಕ್ಕೆ ಸಾರ್ವಜನಿಕ ವಿಡಿಯೊಗಳಷ್ಟೇ ಸೇರುತ್ತವೆ. ಆ ಗಡಿಯ ಹತ್ತಿರವಿರುವ ಚಾನೆಲ್ ಈ ಕೆಲಸವನ್ನು ಸ್ವಲ್ಪ ಮುಂದೂಡುವುದು ಒಳ್ಳೆಯದು.