ಬಾಗಿದ ಬೆನ್ನಿನಲ್ಲಿ ಅಡಗಿದ ಎತ್ತರ

ನಂಜನಗೂಡಿನಿಂದ ತಿರುಮಕೂಡಲು ನರಸೀಪುರದ ಸಂಗಮದವರೆಗೆ ಕಪಿಲೆ ನೇರವಾಗಿ ಹರಿಯುವುದಿಲ್ಲ. ಬಳಸಿ ಬಳಸಿ ಸಾಗುತ್ತಾಳೆ. ಆದುದರಿಂದ ಎರಡು ಊರುಗಳ ನಡುವಿನ ನೇರ ದೂರಕ್ಕಿಂತ ನದಿಯ ಹಾದಿ ಉದ್ದವಾಗಿರುತ್ತದೆ. ಪಕ್ಕಕ್ಕೆ ಬಾಗಿದ ಬೆನ್ನುಮೂಳೆಯ ಸ್ಥಿತಿಯೂ ಹೀಗೆಯೇ. ಮೂಳೆಯ ಉದ್ದ ಇದ್ದಷ್ಟೇ ಇರುತ್ತದೆ, ಆದರೆ ಅದರ ಒಂದು ಪಾಲು ಬಾಗಿನಲ್ಲಿ ಕಳೆದು, ದೇಹದ ಎತ್ತರವಾಗಿ ಕಾಣುವುದಿಲ್ಲ. ವೈದ್ಯರು ಸ್ಕೋಲಿಯೋಸಿಸ್ ಎಂದು ಕರೆಯುವ ಈ ತೊಂದರೆಗೆ ಶಸ್ತ್ರಚಿಕಿತ್ಸೆ ನಿಶ್ಚಯವಾದಾಗ, ಹೆಣ್ಣುಮಕ್ಕಳ ತಾಯಿತಂದೆಯರು ಮೊದಲು ಕೇಳುವ ಪ್ರಶ್ನೆ, 'ಮಗಳು ಎಷ್ಟು ಎತ್ತರವಾಗುತ್ತಾಳೆ?' ಎಂಬುದು. ಮುಂದೆ ಸಂಬಂಧ ನೋಡಬೇಕಾದವರ ಈ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಲಾರೆವು.

ಉತ್ತರಕ್ಕೆ ಒಂದು ಲೆಕ್ಕವುಂಟು. ನಿಂತ ಭಂಗಿಯಲ್ಲಿ ತೆಗೆದ ಎಕ್ಸ್-ರೇಯಲ್ಲಿ, ಬಾಗಿನ ಮೇಲ್ತುದಿಯ ಮತ್ತು ಕೆಳತುದಿಯ ಕಶೇರುಗಳು ಒಂದಕ್ಕೊಂದು ಎಷ್ಟು ವಾಲಿವೆ ಎಂಬುದನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ಆ ಕೋನದಿಂದ ಅಡಗಿದ ಎತ್ತರವನ್ನು ಅಂದಾಜಿಸುವ ಸೂತ್ರವೊಂದನ್ನು ಸ್ವೀಡನ್ನಿನ ವೈದ್ಯರು 1968ರಲ್ಲಿ ಪ್ರಕಟಿಸಿದರು. ನರಸೀಪುರದ ಕಡೆಯ ಹದಿನಾಲ್ಕು ವರ್ಷದ ಬಾಲಕಿಯೊಬ್ಬಳ ಬಾಗು 80 ಡಿಗ್ರಿ ಇದೆಯೆಂದು ಇಟ್ಟುಕೊಳ್ಳೋಣ. ಆ ಸೂತ್ರದಂತೆ ಅವಳ ಎತ್ತರದಲ್ಲಿ ಸುಮಾರು 5 ಸೆಂ.ಮೀ. ಅಡಗಿದೆ. ಬಾಗು 60ಕ್ಕೆ ಇಳಿದರೆ ಸುಮಾರು 2 ಸೆಂ.ಮೀ. ಮರಳಿ ಬರುತ್ತದೆ. ಅಲ್ಲಿಂದ 40ಕ್ಕೆ ಇಳಿದರೆ ಬರುವುದು 1.2 ಸೆಂ.ಮೀ. ಮಾತ್ರ, 40ರಿಂದ 20ಕ್ಕೆ ತಂದರೆ ಇನ್ನೂ ಕಡಿಮೆ, 0.7 ಸೆಂ.ಮೀ. ಪ್ರತಿಸಲವೂ ತಿದ್ದಿದ್ದು ಇಪ್ಪತ್ತೇ ಡಿಗ್ರಿ, ದೊರೆತದ್ದು ಮಾತ್ರ ಕಿರಿದಾಗುತ್ತ ಹೋಯಿತು. ಬಿಲ್ಲನ್ನು ನೋಡಿದವರಿಗೆ ಇದು ಹೊಸತಲ್ಲ: ಹೆಚ್ಚು ಬಗ್ಗಿದ ಬಿಲ್ಲನ್ನು ತುಸು ಸಡಿಲಿಸಿದರೆ ಅದರ ತುದಿಗಳು ಬಹಳ ದೂರ ಸರಿಯುತ್ತವೆ, ಹೆಚ್ಚುಕಡಿಮೆ ನೇರವಾದುದನ್ನು ಪೂರ್ತಿ ನೇರಗೊಳಿಸಿದರೆ ತುದಿಗಳು ಕದಲಿದ್ದೇ ಕಾಣುವುದಿಲ್ಲ.

ಶಸ್ತ್ರವೈದ್ಯರು ಕಶೇರುಗಳಿಗೆ ತಿರುಪುಗಳನ್ನು ಕೂರಿಸಿ, ಅವನ್ನು ಎರಡು ಲೋಹದ ಸರಳುಗಳಿಗೆ ಬಂಧಿಸಿ, ಬಾಗನ್ನು ತಿದ್ದುತ್ತಾರೆ. ಈ ಬಾಲಕಿಯ ಬಾಗನ್ನು ಅವರು 40 ಡಿಗ್ರಿಗೆ ತಂದು ನಿಲ್ಲಿಸಿದರೆ ಅವಳಿಗೆ ದೊರೆಯುವುದು 3 ಸೆಂ.ಮೀ.ಗೆ ತುಸು ಹೆಚ್ಚು, ಅಂದರೆ ಸುಮಾರು ಒಂದೂಕಾಲು ಇಂಚು. 'ಪೂರ್ತಿ ನೇರ ಮಾಡಲಿಲ್ಲ' ಎಂದು ಕೊರಗುವ ಬಂಧುಗಳು ಇಲ್ಲಿ ಒಂದು ಸಂಗತಿಯನ್ನು ತಿಳಿಯಬೇಕು. ಮೂಳೆಯ ಒಳಗೆ ಬೆನ್ನುಹುರಿಯಿದೆ. ವರ್ಷಗಟ್ಟಲೆ ಬಾಗಿದ ಬೆನ್ನಿನಲ್ಲಿ ಅದು ಬಾಗಿನ ಒಳಮಗ್ಗುಲಿನ ಹತ್ತಿರದ ದಾರಿಯನ್ನು ಹಿಡಿದು, ಅದಕ್ಕೇ ಒಗ್ಗಿಹೋಗಿರುತ್ತದೆ. ಮೂಳೆಯನ್ನು ಎಳೆದಂತೆ ಹುರಿಯೂ ಬಿಗಿಯುತ್ತದೆ, ಅದಕ್ಕೆ ರಕ್ತ ಒಯ್ಯುವ ಸಣ್ಣ ನಾಳಗಳೂ ಬಿಗಿಯುತ್ತವೆ. ಮಿತಿ ಮೀರಿದರೆ ಕಾಲುಗಳ ಸ್ವಾಧೀನವೇ ತಪ್ಪಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಯುದ್ದಕ್ಕೂ ಮಿದುಳಿನಿಂದ ಕಾಲಿಗೆ ಸಾಗುವ ವಿದ್ಯುತ್ ಸಂಕೇತಗಳನ್ನು ಯಂತ್ರದಿಂದ ಗಮನಿಸುತ್ತಾರೆ. ಹಿಂದೆ ನಡುವೆಯೇ ರೋಗಿಯನ್ನು ಎಚ್ಚರಿಸಿ, ಕಾಲ್ಬೆರಳು ಆಡಿಸಲು ಹೇಳುವ ಪದ್ಧತಿಯೇ ಮುಖ್ಯವಾಗಿತ್ತು. ಸಂದೇಹ ಬಂದಾಗ ಈಗಲೂ ಅದನ್ನು ಮಾಡುವುದುಂಟು. ಸಂಕೇತ ಕುಗ್ಗಿತೆಂದರೆ ವೈದ್ಯರು ತಿದ್ದಿದ್ದನ್ನು ಸಡಿಲಿಸಬೇಕಾಗಬಹುದು. 40ರಿಂದ ಇನ್ನೂ ಇಪ್ಪತ್ತು ಡಿಗ್ರಿ ತಿದ್ದಿದರೆ ದೊರೆಯುವುದು 0.7 ಸೆಂ.ಮೀ.; ಅದಕ್ಕಾಗಿ ಹುರಿಯನ್ನು ಪಣಕ್ಕಿಡದ ವೈದ್ಯರು ಸರಿಯಾಗಿಯೇ ನಡೆದುಕೊಂಡಿದ್ದಾರೆಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮಿತಿ ಬೆಳವಣಿಗೆಯದು. ಸರಳುಗಳ ಜೊತೆಗೆ ಕಶೇರುಗಳ ನಡುವೆ ಮೂಳೆಯ ಚೂರುಗಳನ್ನಿಟ್ಟು ಅವು ಬೆಸೆದು ಒಂದಾಗುವಂತೆ ಮಾಡುತ್ತಾರೆ. ಬೆಸೆದ ಭಾಗ ಮತ್ತೆ ಉದ್ದ ಬೆಳೆಯುವುದಿಲ್ಲ. ಬೆಳೆಯುವ ಮಗುವಿನಲ್ಲಿ ಒಂದು ಕಶೇರು ವರ್ಷಕ್ಕೆ ಸುಮಾರು 0.7 ಮಿ.ಮೀ. ಬೆಳೆಯುತ್ತದೆಂದು ಎಣಿಸುತ್ತಾರೆ. ಹತ್ತು ಕಶೇರುಗಳನ್ನು ಬೆಸೆದರೆ, ಎರಡು ವರ್ಷದ ಬೆಳವಣಿಗೆ ಬಾಕಿಯಿದ್ದವಳಿಗೆ 14 ಮಿ.ಮೀ. ತಪ್ಪುತ್ತದೆ. ಇದು ಕಾಗದದ ಮೇಲಿನ ನಷ್ಟವೆನ್ನಬೇಕು. ಅಷ್ಟು ತೀವ್ರವಾದ ಬಾಗನ್ನು ಹಾಗೆಯೇ ಬಿಟ್ಟಿದ್ದರೆ ಆ ಬೆಳವಣಿಗೆ ಬಹುಪಾಲು ಬಾಗನ್ನೇ ಹೆಚ್ಚಿಸುತ್ತಿತ್ತು. ಕಾಲುಗಳು ತಮ್ಮ ಪಾಡಿಗೆ ಬೆಳೆಯುತ್ತಲೇ ಇರುತ್ತವೆ. ಆರೇಳು ವರ್ಷದ ಕೂಸಿನ ಮಾತು ಬೇರೆ. ಎದೆಗೂಡು ಕಿರಿದಾಗಿ ಉಳಿದರೆ ಶ್ವಾಸಕೋಶ ಬೆಳೆಯಲು ಸ್ಥಳವಿರುವುದಿಲ್ಲವಾದ್ದರಿಂದ, ಕೂಡಲೇ ಬೆಸೆಯದೆ, ಆಗಾಗ ಉದ್ದ ಮಾಡಬಹುದಾದ ಸರಳುಗಳನ್ನು ಹಾಕುತ್ತಾರೆ.

ಎತ್ತರವನ್ನು ಮನೆಯಲ್ಲಿ ಅಳೆಯುವವರು ಬರಿಗಾಲಿನಲ್ಲಿ ನಿಲ್ಲಿಸಿ, ಪ್ರತಿಸಲವೂ ಬೆಳಿಗ್ಗೆ ಒಂದೇ ವೇಳೆಗೆ ಅಳೆಯಬೇಕು. ಡಿಸ್ಕುಗಳು ಹಗಲೆಲ್ಲ ಒತ್ತಡಕ್ಕೆ ಕುಗ್ಗುವುದರಿಂದ ಸಂಜೆಯ ಅಳತೆ ಒಂದು ಸೆಂ.ಮೀ.ಗೂ ಹೆಚ್ಚು ಕಡಿಮೆ ಬರಬಹುದು. ತಿಂಗಳುಗಳು ಕಳೆದ ಮೇಲೆ ಬೆಳಗಿನ ಅಳತೆಯೇ ಇಳಿಯುತ್ತಿದ್ದರೆ, ಒಂದು ಭುಜ ಮತ್ತೆ ತಗ್ಗಿದ್ದರೆ, ಅಥವಾ ಬೆನ್ನಿನಲ್ಲಿ ಹಠಾತ್ತನೆ ನೋವು ಕಾಣಿಸಿದರೆ ಸರಳು ಮುರಿದಿರಬಹುದು ಅಥವಾ ಬೆಸುಗೆ ಕೂಡದಿರಬಹುದು, ಎಕ್ಸ್-ರೇ ತೆಗೆಸಬೇಕು. ಕಾಲಿನಲ್ಲಿ ಬಲ ಕುಂದಿದರೆ, ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಬೆಳಗಾಗುವವರೆಗೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.